1500 ವ್ಯಾಟ್‌ನ ಕೆಟಲ್ ಅಮೆರಿಕದಲ್ಲಿ 400 ವ್ಯಾಟ್ ಆಗುವುದೇಕೆ?

ಎಂ.ಎಸ್. ಓದಲೆಂದು ಟೆಕ್ಸಸ್‌ಗೆ ಹೋದ ನನ್ನ ಅಕ್ಕನ ಮಗಳು, ಸಾರಿನ ಪುಡಿ ಮತ್ತು ಚಟ್ನಿಪುಡಿಯ ಪೊಟ್ಟಣಗಳ ನಡುವೆ ಒಂದು ಸ್ಟೀಲ್ ಎಲೆಕ್ಟ್ರಿಕ್ ಕೆಟಲನ್ನೂ ಸೂಟ್‌ಕೇಸಿಗೆ ಸೇರಿಸಿಕೊಂಡಿದ್ದಳು. ಅಲ್ಲಿನ ಗೋಡೆಯ ಸಾಕೆಟ್ಟಿಗೆ ನಮ್ಮ ಮೂರು ಪಿನ್ನಿನ ಪ್ಲಗ್ ಹೊಂದುವುದಿಲ್ಲ ಎಂಬುದು ಗೊತ್ತಿದ್ದುದರಿಂದ ಒಂದು ಅಡಾಪ್ಟರನ್ನು ಇಲ್ಲಿಂದಲೇ ಕೊಂಡುಹೋಗಿದ್ದಳು. ಅಲ್ಲಿಗೆ ತಲುಪಿದ ವಾರದಲ್ಲೇ ಫೋನ್ ಬಂತು. "ಮಾವ, ಕೆಟಲ್ ಕೆಟ್ಟುಹೋಗಿದೆ ಅನ್ಸುತ್ತೆ. ದೀಪ ಮಂಕಾಗಿ ಹತ್ತುತ್ತೆ, ನೀರೂ ಬಿಸಿ ಆಗುತ್ತೆ, ಆದ್ರೆ ಒಂದು ಲೀಟರ್ ಕುದಿಯೋಕೆ ಕಾಲು ಗಂಟೆ ಬೇಕು. ಮನೇಲಿ ನಾಲ್ಕು ನಿಮಿಷ ಸಾಕಾಗ್ತಿತ್ತಲ್ಲ?"

ಕೆಟಲ್ ಕೆಟ್ಟಿರಲಿಲ್ಲ. ಭಾರತದ ಮನೆಗಳಿಗೆ ಬರುವ ವಿದ್ಯುತ್ತಿನ ವೋಲ್ಟೇಜ್ 230, ಅಮೆರಿಕದ ಸಾಮಾನ್ಯ ಸಾಕೆಟ್ಟಿನಲ್ಲಿರುವುದು 120. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನು ಮುಟ್ಟುವುದಿಲ್ಲ. ಇಷ್ಟನ್ನು ಹೇಳಿದ ಕೂಡಲೇ ಅವಳು ಕೇಳಿದ ಮುಂದಿನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: ವೋಲ್ಟೇಜ್ ಸುಮಾರು ಅರ್ಧವಾದರೆ ಬಿಸಿಯೂ ಅರ್ಧವಾಗಬೇಕು, ನಾಲ್ಕು ನಿಮಿಷದ ಕೆಲಸಕ್ಕೆ ಎಂಟು ನಿಮಿಷ ಹಿಡಿಯಬೇಕು, ಹದಿನೈದು ನಿಮಿಷ ಏಕೆ ಬೇಕಾಗುತ್ತದೆ?

ಉತ್ತರ ಕೆಟಲಿನ ಅಡಿಯಲ್ಲಿರುವ ತಂತಿಯಲ್ಲಿದೆ. ಕೆಟಲ್, ಗೀಸರ್, ಇಮ್ಮರ್ಷನ್ ರಾಡ್, ಇಸ್ತ್ರಿಪೆಟ್ಟಿಗೆ, ಕಾಯಿಲ್ ಒಲೆ, ಇವೆಲ್ಲದರ ಒಳಗಿರುವ ಎಲಿಮೆಂಟ್ ಸಾಮಾನ್ಯವಾಗಿ ನೈಕ್ರೋಮ್‌ನಂಥ ಮಿಶ್ರಲೋಹದ ತಂತಿಯ ಸುರುಳಿ. ನೀರಿಗೆ ತಾಗುವ ಎಲಿಮೆಂಟುಗಳಲ್ಲಿ ಈ ಸುರುಳಿಯನ್ನು ಲೋಹದ ಕೊಳವೆಯೊಳಗಿಟ್ಟು, ಸುತ್ತಲೂ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಬಿಗಿಯಾಗಿ ತುಂಬಿರುತ್ತಾರೆ. ಆ ಪುಡಿ ಶಾಖವನ್ನು ಹೊರಕ್ಕೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ತಂತಿ ಎಷ್ಟು ಉದ್ದ, ಎಷ್ಟು ದಪ್ಪ ಎಂಬುದನ್ನು ಕಾರ್ಖಾನೆಯಲ್ಲೇ ನಿರ್ಧರಿಸಿರುತ್ತಾರೆ, ಮತ್ತು ಅದರೊಂದಿಗೆ ಅದರ ರೋಧವೂ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆಯೂ, ನಿಗದಿಯಾಗಿಬಿಡುತ್ತದೆ. ನೈಕ್ರೋಮ್‌ನ ಒಂದು ಗುಣವೆಂದರೆ, ತಣ್ಣಗಿದ್ದಾಗಲೂ ಕೆಂಪಗೆ ಕಾದಾಗಲೂ ಅದರ ರೋಧ ಕೆಲವೇ ಶೇಕಡಾ ಮಾತ್ರ ಬದಲಾಗುತ್ತದೆ. ಹೀಗಾಗಿ ನಮ್ಮ ಲೆಕ್ಕಕ್ಕೆ ಅದನ್ನು ಸ್ಥಿರವೆಂದೇ ಹಿಡಿಯಬಹುದು. ಕೆಟಲ್ ವಿಮಾನ ಹತ್ತಿ ಸಾಗರ ದಾಟಿದರೂ ಅದರ ರೋಧ ಇಲ್ಲಿ ಎಷ್ಟಿತ್ತೋ ಅಲ್ಲಿಯೂ ಅಷ್ಟೇ ಇರುತ್ತದೆ.

ನಮ್ಮ ಕೆಟಲಿನ ತಳದಲ್ಲಿ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿತ್ತು. ಇದರಿಂದ ರೋಧವನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಬಹುದು; ಅದರ ಸೂತ್ರ ಮುಂದೆ ಬರುತ್ತದೆ. 230ನ್ನು 230ರಿಂದ ಗುಣಿಸಿದರೆ 52,900. ಅದನ್ನು 1500ರಿಂದ ಭಾಗಿಸಿದರೆ ಸುಮಾರು 35.3 ಓಮ್. ಇನ್ನು ಓಮ್‌ನ ನಿಯಮದ ಪ್ರಕಾರ ಪ್ರವಾಹವೆಂದರೆ ವೋಲ್ಟೇಜನ್ನು ರೋಧದಿಂದ ಭಾಗಿಸಿದಷ್ಟು. ಮೈಸೂರಿನ ಅಡುಗೆಮನೆಯಲ್ಲಿ ಈ ತಂತಿಯ ಮೂಲಕ ಸುಮಾರು 6.5 ಆಂಪಿಯರ್ ಹರಿಯುತ್ತಿತ್ತು. ಟೆಕ್ಸಸ್‌ನಲ್ಲಿ ಅದೇ ತಂತಿಯಲ್ಲಿ ಹರಿಯುವುದು 3.4 ಆಂಪಿಯರ್ ಮಾತ್ರ.

ಇಲ್ಲಿಯೇ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ "ಅರ್ಧಕ್ಕೆ ಅರ್ಧ" ಎಂಬ ಊಹೆ ತಪ್ಪುವುದು ಈ ಜಾಗದಲ್ಲೇ. ಕಡಿಮೆ ವೋಲ್ಟೇಜಿನಿಂದ ನಷ್ಟ ಒಂದಲ್ಲ, ಎರಡು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಲಾರಿಯಿಂದ ಗೋದಾಮಿಗೆ ಮೂಟೆ ಸಾಗಿಸುವ ಹಮಾಲಿಗಳನ್ನು ನೆನೆಯಿರಿ. ಒಂದು ಗಂಟೆಯಲ್ಲಿ ಎಷ್ಟು ಧಾನ್ಯ ಒಳಸೇರುತ್ತದೆ ಎಂಬುದು, ಎಷ್ಟು ಸಲ ಹೊತ್ತು ತಂದರು ಮತ್ತು ಪ್ರತಿ ಸಲ ಎಷ್ಟು ಭಾರ ಹೊತ್ತರು ಎಂಬ ಎರಡರ ಗುಣಲಬ್ಧ. ವಿದ್ಯುತ್ತಿನಲ್ಲಿ ಆಂಪಿಯರ್ ಎಂದರೆ ಪ್ರತಿ ಸೆಕೆಂಡಿಗೆ ಹಾದುಹೋಗುವ ವಿದ್ಯುದಂಶದ ಪ್ರಮಾಣ. ವೋಲ್ಟ್ ಎಂದರೆ ಆ ವಿದ್ಯುದಂಶದ ಒಂದೊಂದು ಘಟಕ, ಅಂದರೆ ಒಂದೊಂದು ಕೂಲಂಬ್, ತಂತಿಯಲ್ಲಿ ಇಳಿಸಿಹೋಗುವ ಶಕ್ತಿ. 230 ವೋಲ್ಟ್ ಇದ್ದಾಗ ಒಂದು ಕೂಲಂಬ್ 230 ಜೂಲ್ ಶಕ್ತಿಯನ್ನು ಇಳಿಸುತ್ತದೆ. 120 ವೋಲ್ಟ್ ಇದ್ದಾಗ 120 ಜೂಲ್ ಮಾತ್ರ. ವೋಲ್ಟೇಜ್ ಇಳಿದಾಗ ಪ್ರತಿ ಹೊರೆಯೂ ಹಗುರವಾಯಿತು. ಜೊತೆಗೆ ತಂತಿಯೊಳಕ್ಕೆ ತಳ್ಳುವ ಒತ್ತಡವೂ ಅದೇ ವೋಲ್ಟೇಜ್ ಆದ್ದರಿಂದ, ಸೆಕೆಂಡಿಗೆ ಬರುವ ಹೊರೆಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಕುಸಿಯಿತು. ಮೊದಲು 6.5 ಸಲ 230, ಅಂದರೆ 1500 ವ್ಯಾಟ್, ಈಗ 3.4 ಸಲ 120, ಅಂದರೆ ಸುಮಾರು 408 ವ್ಯಾಟ್.

ಇದನ್ನೇ ಸೂತ್ರವಾಗಿ ಬರೆದರೆ P = V²/R. ರೋಧ ಬದಲಾಗದಿದ್ದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 120ನ್ನು 230ರಿಂದ ಭಾಗಿಸಿದರೆ 0.52, ಅದರ ವರ್ಗ 0.27. ಅಂದರೆ ಕೆಟಲ್ ತನ್ನ ಮೂಲ ಶಕ್ತಿಯ ನಾಲ್ಕನೇ ಒಂದು ಭಾಗಕ್ಕಿಂತ ಕೊಂಚ ಹೆಚ್ಚು ಮಾತ್ರ ಕೊಡುತ್ತದೆ. ಮನೆಯ ವಿದ್ಯುತ್ 100 ವೋಲ್ಟ್ ಇರುವ ಜಪಾನಿಗೆ ಇದೇ ಕೆಟಲನ್ನು ಒಯ್ದಿದ್ದರೆ 280 ವ್ಯಾಟ್‌ನಷ್ಟೇ ಸಿಗುತ್ತಿತ್ತು. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 50ರ ಬದಲು 60 ಹರ್ಟ್ಜ್ ಎಂಬ ಕಾರಣವನ್ನೂ ಕೆಲವರು ಹೇಳುವುದುಂಟು. ಬರಿಯ ತಂತಿ ಸುರುಳಿಯ ಹೀಟರಿಗೆ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಕೇಳಿರುವ, ಓದಿದವರೂ ನಂಬುವ ಒಂದು ತಪ್ಪು ತರ್ಕವಿದೆ. "ಕೆಟಲ್ 1500 ವ್ಯಾಟ್‌ನದು. ಶಕ್ತಿಯೆಂದರೆ ವೋಲ್ಟ್ ಗುಣಿಸು ಆಂಪಿಯರ್. ಆದ್ದರಿಂದ 120 ವೋಲ್ಟಿನಲ್ಲಿ ಅದು 12.5 ಆಂಪಿಯರ್ ಎಳೆದುಕೊಂಡು ಅಷ್ಟೇ ಬಿಸಿ ಮಾಡುತ್ತದೆ, ವೈರ್ ಮಾತ್ರ ಹೆಚ್ಚು ಕಾಯುತ್ತದೆ." ಸೂತ್ರ ಸರಿ, ಅದನ್ನು ಬಳಸಿದ ಕ್ರಮ ತಪ್ಪು. 1500 ವ್ಯಾಟ್ ಎಂಬುದು ಕೆಟಲ್ ಎಲ್ಲಿ ಹೋದರೂ ಜೊತೆಗೆ ಒಯ್ಯುವ ಗುಣವಲ್ಲ; 230 ವೋಲ್ಟ್ ಕೊಟ್ಟಾಗ ಬರುವ ಫಲ. ತಳದಲ್ಲಿ ಬರೆದಿರುವ ಆ ಎರಡು ಸಂಖ್ಯೆಗಳನ್ನು ಒಟ್ಟಿಗೇ ಓದಬೇಕು. ಕೆಟಲಿಗೆ ನಿಜವಾಗಿ ಅಂಟಿಕೊಂಡಿರುವ ಸಂಖ್ಯೆ, ಎಲ್ಲಿಯೂ ಅಚ್ಚು ಹಾಕಿರದ ಆ 35 ಓಮ್. ವೋಲ್ಟೇಜ್ ಇಳಿಯಿತೆಂದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುವ ಯಾವ ಉಪಾಯವೂ ಒಂದು ತಂತಿಗೆ ಇಲ್ಲ.

ಆ ತರ್ಕ ಸರಿಹೋಗುವ ಉಪಕರಣಗಳೂ ಇವೆ, ಬಹುಶಃ ಗೊಂದಲ ಹುಟ್ಟುವುದು ಅವುಗಳಿಂದಲೇ. ಲ್ಯಾಪ್‌ಟಾಪ್ ಚಾರ್ಜರಿನೊಳಗೆ ಒಂದು ನಿಯಂತ್ರಕ ಸರ್ಕ್ಯೂಟ್ ಇರುತ್ತದೆ; ಲ್ಯಾಪ್‌ಟಾಪಿಗೆ 65 ವ್ಯಾಟ್ ಬೇಕೆಂದಾದರೆ, ಗೋಡೆಯಲ್ಲಿ 230 ಇರಲಿ 120 ಇರಲಿ, ಅದು ತನ್ನ ಪ್ರವಾಹವನ್ನು ಹೊಂದಿಸಿಕೊಂಡು ಅಷ್ಟನ್ನೂ ಒದಗಿಸುತ್ತದೆ. ಅದರ ಮೇಲೆ 100–240 ವೋಲ್ಟ್ ಎಂದು ಬರೆದಿರುವುದು ಅದಕ್ಕಾಗಿಯೇ. ಫೋನ್ ಮತ್ತು ಲ್ಯಾಪ್‌ಟಾಪ್ ಯಾವ ತೊಂದರೆಯೂ ಇಲ್ಲದೆ ಚಾರ್ಜ್ ಆಗುವುದನ್ನು ಕಂಡವರು ಕೆಟಲ್ ಕೂಡ ಹಾಗೆಯೇ ನಡೆಯುತ್ತದೆಂದು ಭಾವಿಸುವುದು ಸಹಜ.

ವರ್ಗದ ಈ ನಿಯಮವನ್ನು ನಂಬಲು ಪ್ರಯೋಗಾಲಯ ಬೇಕಿಲ್ಲ. ಅಂಗಡಿಯಲ್ಲಿರುವ ಕೆಲವು ಕೆಟಲುಗಳನ್ನು ತಿರುಗಿಸಿ ತಳವನ್ನು ಓದಿದರೆ ಸಾಕು. ಹಲವು ದೇಶಗಳಿಗೆಂದು ತಯಾರಾದವುಗಳ ಮೇಲೆ "220–240 V, 1850–2200 W" ಎಂಬಂತೆ ಬರೆದಿರುವುದನ್ನು ಕಾಣಬಹುದು. ಆ ಎರಡನೆಯ ಜೋಡಿ ಎರಡು ಬೇರೆ ಸ್ವಿಚ್ಚುಗಳನ್ನು ಸೂಚಿಸುವುದಿಲ್ಲ. 220 ವೋಲ್ಟಿನಲ್ಲಿ 1850 ವ್ಯಾಟ್, 240ರಲ್ಲಿ 2200 ವ್ಯಾಟ್ ಎಂದು ಅರ್ಥ. 240ನ್ನು 220ರಿಂದ ಭಾಗಿಸಿ ವರ್ಗ ಮಾಡಿದರೆ 1.19 ಬರುತ್ತದೆ, 1850ನ್ನು ಅದರಿಂದ ಗುಣಿಸಿದರೆ ಸರಿಯಾಗಿ 2200ರ ಬಳಿಗೆ ತಲುಪುತ್ತೇವೆ. ವೋಲ್ಟೇಜಿನಲ್ಲಿ ಶೇಕಡಾ 9ರಷ್ಟು ಏರಿಕೆಯಾದರೆ ಶಕ್ತಿ ಶೇಕಡಾ 19ರಷ್ಟು ಏರುತ್ತದೆ ಎಂಬುದನ್ನು ತಯಾರಕರೇ ಅಚ್ಚು ಹಾಕಿ ಒಪ್ಪಿಕೊಂಡಿದ್ದಾರೆ.

ನಮ್ಮ ಹಳ್ಳಿಗಳಲ್ಲಿ ಇದರ ಅನುಭವಕ್ಕೆ ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರದ ತುದಿಯಲ್ಲಿರುವ ಮನೆಯಲ್ಲಿ, ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೇ ಓಡುವ ಹೊತ್ತಿನಲ್ಲಿ, ವೋಲ್ಟೇಜ್ 180ಕ್ಕೆ ಇಳಿದಿದೆ ಎಂದುಕೊಳ್ಳಿ. 2000 ವ್ಯಾಟ್‌ನ ಗೀಸರ್ ಆಗ ಕೊಡುವುದು ಸುಮಾರು 1225 ವ್ಯಾಟ್. ಕಾಲು ಭಾಗಕ್ಕಿಂತಲೂ ಕಡಿಮೆ ವೋಲ್ಟೇಜ್ ಹೋದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಸಿ ಹೋಗುತ್ತದೆ. ಸ್ನಾನದ ನೀರು ಕಾಯದೆ ಗೀಸರನ್ನು ಬಿಚ್ಚಿಸಿ ನೋಡುವ ಮೊದಲು ಮಲ್ಟಿಮೀಟರಿನಲ್ಲಿ ಆ ಹೊತ್ತಿನ ವೋಲ್ಟೇಜನ್ನು ನೋಡುವುದು ಒಳ್ಳೆಯದು.

ಈಗ ಆ ಕಾಲು ಗಂಟೆಯ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,190 ಜೂಲ್ ಬೇಕು. 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 3,35,000 ಜೂಲ್. ಇದನ್ನು 1500 ವ್ಯಾಟ್‌ನಲ್ಲಿ ಒದಗಿಸಲು 223 ಸೆಕೆಂಡ್, ಅಂದರೆ ನಾಲ್ಕು ನಿಮಿಷಕ್ಕೆ ತುಸು ಕಡಿಮೆ. 408 ವ್ಯಾಟ್‌ನಲ್ಲಿ 820 ಸೆಕೆಂಡ್, ಅಂದರೆ ಹದಿಮೂರು ಮುಕ್ಕಾಲು ನಿಮಿಷಕ್ಕೆ ಹತ್ತಿರ. ಉಳಿದ ಒಂದೂವರೆ ನಿಮಿಷ ಎಲ್ಲಿಂದ ಬಂತು? ಕಾಯುತ್ತಿರುವ ಕೆಟಲ್ ತನ್ನ ಮೈಯಿಂದಲೂ ಮುಚ್ಚಳದ ಸಂದಿನಿಂದಲೂ ಶಾಖವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ನೀರು ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು. 1500 ವ್ಯಾಟ್ ಒಳಗೆ ಬರುತ್ತಿರುವಾಗ ನಲವತ್ತು ಐವತ್ತು ವ್ಯಾಟ್ ಸೋರಿದರೆ ಲೆಕ್ಕಕ್ಕಿಲ್ಲ. 408 ಮಾತ್ರ ಬರುತ್ತಿರುವಾಗ ಅಷ್ಟೇ ಸೋರಿಕೆ ಎಂಟರಲ್ಲೋ ಹತ್ತರಲ್ಲೋ ಒಂದು ಪಾಲನ್ನು ನುಂಗಿಬಿಡುತ್ತದೆ, ಅದೂ ಹೆಚ್ಚು ಹೊತ್ತಿನ ತನಕ. ಇದೇ ಕಾರಣಕ್ಕೆ, ನಿಧಾನವಾಗಿ ಕಾಯುವುದರಿಂದ ಬಿಲ್ಲಿನಲ್ಲಿ ಉಳಿತಾಯವಿಲ್ಲ. ನೀರಿಗೆ ಬೇಕಾದ ಶಕ್ತಿ ಅಷ್ಟೇ, ಸೋರಿದ್ದು ಮಾತ್ರ ಹೆಚ್ಚು.

ದೊಡ್ಡ ತೆರೆದ ಪಾತ್ರೆಯಲ್ಲಿ ಈ ಸೋರಿಕೆಯೇ ಗೆದ್ದುಬಿಡುವುದೂ ಉಂಟು. ಇಮ್ಮರ್ಷನ್ ರಾಡನ್ನು ಬಕೆಟ್ಟಿನಲ್ಲಿಟ್ಟು 400 ವ್ಯಾಟ್ ಕೊಟ್ಟರೆ, ನೀರಿನ ಮೇಲ್ಮೈಯಿಂದ ಆವಿಯಾಗಿ ಹೋಗುವ ಶಾಖವೂ ಬಕೆಟ್ಟಿನ ಮೈಯಿಂದ ಹೋಗುವ ಶಾಖವೂ ಸೇರಿ ಕುದಿಯುವ ಬಿಂದುವಿಗಿಂತ ಬಹಳ ಮೊದಲೇ 400 ವ್ಯಾಟ್‌ಗೆ ಸಮನಾಗುತ್ತವೆ. ಅಲ್ಲಿಂದ ಮುಂದೆ ಎಷ್ಟು ಗಂಟೆ ಕಾದರೂ ನೀರು ಇನ್ನು ಬಿಸಿಯಾಗುವುದಿಲ್ಲ. ಕೆಟಲಿನಲ್ಲಿಯೂ ಇದರ ಒಂದು ಚಿಕ್ಕ ರೂಪವನ್ನು ನನ್ನ ಸೋದರಸೊಸೆ ಕಂಡಳು: ನೀರು ಮೆಲ್ಲಗೆ ಗುಳ್ಳೆಯೇಳುತ್ತಿದ್ದರೂ ಸ್ವಿಚ್ ತಾನಾಗಿ ಆಫ್ ಆಗಲು ತಡಮಾಡುತ್ತಿತ್ತು. ಆ ಸ್ವಿಚ್ಚಿನ ಬಳಿ ಇರುವ ದ್ವಿಲೋಹದ ತಗಡು ಬಾಗುವುದು ಹಬೆ ರಭಸವಾಗಿ ಬಂದು ತಾಗಿದಾಗ. ಕಾಲು ಶಕ್ತಿಯ ಕುದಿತದಲ್ಲಿ ಅಷ್ಟು ಹಬೆ ಏಳುವುದಿಲ್ಲ.

ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುವ ಕಾಯಿಲ್ ಹೀಟರನ್ನು ಒಯ್ದವರಿಗೆ ಇನ್ನೂ ವಿಚಿತ್ರವಾದ ದೃಶ್ಯ ಕಾಣುತ್ತದೆ. ಇಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ಸುರುಳಿ ಅಲ್ಲಿ ಕಪ್ಪಗೇ ಉಳಿಯುತ್ತದೆ. ಕಾದ ವಸ್ತು ಹೊರಸೂಸುವ ಶಾಖ ಅದರ ನಿರಪೇಕ್ಷ ತಾಪಮಾನದ ನಾಲ್ಕನೇ ಘಾತಕ್ಕೆ ಅನುಗುಣವಾದ್ದರಿಂದ, ಶಕ್ತಿ ಕಾಲು ಭಾಗಕ್ಕೆ ಇಳಿದಾಗ ಆ ತಾಪಮಾನ ಸುಮಾರು 0.7 ಪಟ್ಟಿಗೆ ಇಳಿಯುತ್ತದೆ. 800 ಡಿಗ್ರಿಯ ಆಸುಪಾಸಿನಲ್ಲಿದ್ದ ಸುರುಳಿ 500 ಡಿಗ್ರಿಯ ಕಡೆಗೆ ಬರುತ್ತದೆ. ವಸ್ತುಗಳು ಕಣ್ಣಿಗೆ ಕಾಣುವಂತೆ ಕೆಂಪಾಗತೊಡಗುವುದು 525 ಡಿಗ್ರಿಯ ಹತ್ತಿರ. ಸುರುಳಿ ಕಪ್ಪಗಿದೆ ಎಂದು ಅದನ್ನು ಮುಟ್ಟಿದರೆ ಚರ್ಮ ಸುಡುವುದು ಖಂಡಿತ.

ನಿಯಮಕ್ಕೆ ಒಳಪಡದ ಹೀಟರುಗಳನ್ನೂ ಇಲ್ಲಿ ಹೇಳಬೇಕು. ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಾದಾಗ ಬಹಳ ಇಳಿಯುತ್ತದೆ, ಆದ್ದರಿಂದ ಅದರ ಶಕ್ತಿ ವರ್ಗದಷ್ಟು ವೇಗವಾಗಿ ಕುಸಿಯುವುದಿಲ್ಲ. ಇದಕ್ಕಿಂತಲೂ ಸ್ವಾರಸ್ಯವಾದದ್ದು ಪಿಟಿಸಿ ಎಂಬ ಸೆರಾಮಿಕ್ ಬಿಲ್ಲೆ. ಸೊಳ್ಳೆ ಓಡಿಸುವ ಹಲವು ಲಿಕ್ವಿಡ್ ಯಂತ್ರಗಳಲ್ಲಿ, ಕೂದಲು ನೇರಗೊಳಿಸುವ ಉಪಕರಣಗಳಲ್ಲಿ ಅದು ಇರುತ್ತದೆ. ಒಂದು ನಿರ್ದಿಷ್ಟ ತಾಪ ಮುಟ್ಟಿದೊಡನೆ ಅದರ ರೋಧ ಹಠಾತ್ತನೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಹೀಗೆ ಅದು ವೋಲ್ಟೇಜ್ ಎಷ್ಟೇ ಇದ್ದರೂ ಸುಮಾರು ಅದೇ ತಾಪದ ಸುತ್ತ ನಿಲ್ಲುತ್ತದೆ. ಅಂಥ ಕೆಲವು ಉಪಕರಣಗಳು ಎರಡೂ ದೇಶಗಳಲ್ಲಿ ನಡೆಯುವುದು ಇದರಿಂದಲೇ.

ಕೆಟಲ್ ಕೆಟ್ಟಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ಅವಳು ಸುಮ್ಮನೆ ಒಪ್ಪಲಿಲ್ಲ, ಅದು ನನಗೆ ಇಷ್ಟವಾಯಿತು. ರೂಮ್‌ಮೇಟ್ ಬಳಿ ಮಲ್ಟಿಮೀಟರ್ ಇತ್ತು. ಪ್ಲಗ್ ತೆಗೆದು, ಕೆಟಲ್ ತಣ್ಣಗಾಗಿ ಒಣಗಿದ ಮೇಲೆ ಅದನ್ನು ಅದರ ಸ್ಟ್ಯಾಂಡಿನ ಮೇಲಿಟ್ಟು ಸ್ವಿಚ್ ಒತ್ತಿ, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ನಡುವೆ ರೋಧ ಅಳೆಯುವಂತೆ ಹೇಳಿದೆ. ಮೀಟರ್ 35.4 ತೋರಿಸಿತು. ಎಲಿಮೆಂಟ್ ತುಂಡಾಗಿದ್ದರೆ ಮೀಟರ್ ಏನನ್ನೂ ತೋರಿಸುತ್ತಿರಲಿಲ್ಲ. ಎಲ್ಲೋ ಕನೆಕ್ಷನ್ ಸುಟ್ಟು ಸಡಿಲವಾಗಿದ್ದರೆ ಸಂಖ್ಯೆ ಇದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿರುತ್ತಿತ್ತು, ಅಥವಾ ಅಲುಗಾಡುತ್ತಿತ್ತು. ಲೆಕ್ಕದ 35.3ಕ್ಕೆ ಇಷ್ಟು ಹತ್ತಿರ ಬಂದಿತೆಂದರೆ ಹೀಟರ್ ಸರಿಯಾಗಿದೆ, ಕೊರತೆ ಗೋಡೆಯಲ್ಲಿದೆ. ಮುಂದೆ ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರಿನಲ್ಲಿ ನೋಡಿದಾಗ 121 ವೋಲ್ಟ್, 3.4 ಆಂಪಿಯರ್, 414 ವ್ಯಾಟ್ ಎಂದು ಬಂತು.

ಸರಿಪಡಿಸುವ ದಾರಿಗಳಿಲ್ಲವೇ ಎಂದರೆ, ಇವೆ, ಆದರೆ ಕೆಟಲಿಗಾಗಿ ಅವು ಯೋಗ್ಯವಲ್ಲ. ವೋಲ್ಟೇಜನ್ನು 120ರಿಂದ 230ಕ್ಕೆ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. 1500 ವ್ಯಾಟ್ ತಡೆಯಬಲ್ಲದ್ದು ಕಬ್ಬಿಣ ಮತ್ತು ತಾಮ್ರದ ದೊಡ್ಡ ಗಡ್ಡೆ, ಕೆಟಲಿಗಿಂತ ಹಲವು ಪಟ್ಟು ಭಾರ, ಬೆಲೆಯೂ ಹೆಚ್ಚು. ಆಗ ಕೆಟಲಿಗೆ 230 ವೋಲ್ಟ್ ಸಿಕ್ಕಿ ಅದು ಪೂರ್ತಿ 1500 ವ್ಯಾಟ್ ಕೊಡುತ್ತದೆ, ಆದರೆ ಗೋಡೆಯಿಂದ ಎಳೆಯಬೇಕಾದ್ದು 12.5 ಆಂಪಿಯರ್, ಟ್ರಾನ್ಸ್‌ಫಾರ್ಮರಿನ ನಷ್ಟ ಸೇರಿಸಿದರೆ 13ರ ಹತ್ತಿರ. ಅಮೆರಿಕದ ಮನೆಗಳ ಸಾಮಾನ್ಯ ಸರ್ಕ್ಯೂಟಿನ ಬ್ರೇಕರ್ 15 ಆಂಪಿಯರ್‌ನದು. ಅದೇ ಸಾಲಿನಲ್ಲಿ ಟೋಸ್ಟರ್ ಓಡುತ್ತಿದ್ದರೆ ಟ್ರಿಪ್ ಆಗುತ್ತದೆ. ಹೇರ್ ಡ್ರೈಯರಿಗೆಂದು ಮಾರುವ ಹಗುರವಾದ ಕನ್ವರ್ಟರುಗಳಲ್ಲಿ ಬಹುಪಾಲು 230ನ್ನು ಇಳಿಸುವವು; 120ನ್ನು ಏರಿಸಲು ಅವು ಬರುವುದಿಲ್ಲ.

ಇನ್ನೊಂದು ಸಂಗತಿ ತಿಳಿದವರಿಗೆ ಆಸೆ ಹುಟ್ಟಿಸುತ್ತದೆ. ಅಲ್ಲಿನ ಮನೆಗಳಿಗೆ ಬರುವುದು 120 ವೋಲ್ಟಿನ ಎರಡು ಫೇಸ್ ತಂತಿಗಳು. ಅವುಗಳ ನಡುವೆ 240 ವೋಲ್ಟ್ ಇರುತ್ತದೆ, ಬಟ್ಟೆ ಒಣಗಿಸುವ ಯಂತ್ರ ಮತ್ತು ಎಲೆಕ್ಟ್ರಿಕ್ ಒಲೆ ಅದರಲ್ಲೇ ನಡೆಯುತ್ತವೆ. ನಮ್ಮ ಕೆಟಲ್ ಅಲ್ಲಿ ಸುಮಾರು 1630 ವ್ಯಾಟ್ ಕೊಡುತ್ತದೆ, ಲೆಕ್ಕಕ್ಕೆ ಸರಿಯೇ. ಆದರೆ ಆ ಸಾಕೆಟ್ಟಿನಲ್ಲಿ ಎರಡು ತಂತಿಗಳೂ ಫೇಸ್. ಒಂದೇ ತಂತಿಯನ್ನು ಕಡಿಯುವ ಸ್ವಿಚ್ ಇದ್ದರೆ, ಅದನ್ನು ಆಫ್ ಮಾಡಿದ ಮೇಲೂ ಎಲಿಮೆಂಟಿನಲ್ಲಿ ನೆಲಕ್ಕೆ ಹೋಲಿಸಿದಂತೆ 120 ವೋಲ್ಟ್ ಉಳಿದಿರುತ್ತದೆ. ಡ್ರೈಯರಿನ ಬ್ರೇಕರ್ ಸಾಮಾನ್ಯವಾಗಿ 30 ಆಂಪಿಯರ್‌ನದಾದ್ದರಿಂದ ಕೆಟಲಿನ ತೆಳು ವೈರಿನಲ್ಲಿ ದೋಷವಾದರೆ ಅದು ಬೇಗ ಕಡಿಯುವುದೂ ಇಲ್ಲ. ಬಾಡಿಗೆ ಮನೆಯಲ್ಲಿ ಅಡಾಪ್ಟರ್ ಜೋಡಿಸಿ ಇದನ್ನು ಮಾಡಲು ಹೋಗಬೇಡ ಎಂದು ನಾನು ಅವಳಿಗೆ ಕಟ್ಟುನಿಟ್ಟಾಗಿಯೇ ಹೇಳಿದೆ.

ಕೊನೆಗೆ ಅವಳು ಅಲ್ಲಿಯೇ 120 ವೋಲ್ಟಿನ, 1500 ವ್ಯಾಟ್‌ನ ಕೆಟಲ್ ಕೊಂಡಳು. ಒಂದು ಲೀಟರ್ ಈಗ ನಾಲ್ಕು ನಿಮಿಷದಲ್ಲಿ ಕುದಿಯುತ್ತದೆ. ಶಕ್ತಿ ಊರಿನ ಕೆಟಲಿನಷ್ಟೇ, ಆದರೆ ಒಳಗಿನ ತಂತಿ ಬೇರೆ: 120ರ ವರ್ಗವನ್ನು 1500ರಿಂದ ಭಾಗಿಸಿದರೆ 9.6 ಓಮ್. ರಜೆಗೆ ಬರುವಾಗ ಅದನ್ನು ಅಮ್ಮನಿಗೆ ಕೊಡೋಣವೇ ಎಂದು ಅವಳು ಮೊನ್ನೆ ಕೇಳಿದಳು. 9.6 ಓಮ್‌ಗೆ 230 ವೋಲ್ಟ್ ಕೊಟ್ಟರೆ ಹರಿಯುವುದು 24 ಆಂಪಿಯರ್, ಹುಟ್ಟುವ ಶಾಖ 5,500 ವ್ಯಾಟ್. ಬ್ರೇಕರ್ ಮೊದಲು ಬೀಳದಿದ್ದರೆ ಎಲಿಮೆಂಟೋ ವೈರೋ ಸುಡುತ್ತದೆ. ಕಡಿಮೆ ವೋಲ್ಟೇಜಿಗೆ ಹೋದ ಕೆಟಲ್ ನಿಧಾನವಾಗುತ್ತದೆ ಅಷ್ಟೇ; ಹೆಚ್ಚು ವೋಲ್ಟೇಜಿಗೆ ಬಂದದ್ದು ಬೆಂಕಿಗೆ ಕಾರಣವಾಗಬಹುದು. ಅದನ್ನು ಅಲ್ಲಿಯೇ ರೂಮ್‌ಮೇಟಿಗೆ ಬಿಟ್ಟು ಬಾ ಎಂದು ಹೇಳಿದ್ದೇನೆ.